‘ಪಾಸಿಂಗ್’ ಕಾದಂಬರಿಯ ಮೌನಗಳು: ಒಂದು ಕ್ವಿಯರ್ ಓದು

ಅಮೆರಿಕದ ಲೇಖಕಿ ನೆಲ್ಲಾ ಲಾರ್ಸನ್ ಅವರ ‘ಪಾಸಿಂಗ್’ (1929) ಮೇಲ್ನೋಟಕ್ಕೆ ವರ್ಣದ ಗಡಿಯನ್ನು ಕುರಿತ ಕಾದಂಬರಿ. ಕಪ್ಪು ಸಮುದಾಯದ ಕ್ಲೇರ್ ತನ್ನ ಹುಟ್ಟನ್ನು ಮುಚ್ಚಿಟ್ಟು, ಕಪ್ಪು ಜನರನ್ನು ದ್ವೇಷಿಸುವ ಬಿಳಿಯನೊಬ್ಬನ ಹೆಂಡತಿಯಾಗಿದ್ದಾಳೆ. ಅವಳ ಬಾಲ್ಯದ ಪರಿಚಿತೆ ಐರೀನ್ ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ವೈದ್ಯನ ಮಡದಿಯಾಗಿ ನೆಮ್ಮದಿಯಿಂದಿದ್ದಾಳೆ. ಈ ಕಥೆಯ ಮರೆಯಲ್ಲಿ, ಐರೀನಳಿಗೆ ಕ್ಲೇರ್ ಮೇಲಿರುವ, ಅವಳೇ ಒಪ್ಪಿಕೊಳ್ಳದ ಆಸೆಯ ಇನ್ನೊಂದು ಕಥೆಯಿದೆ ಎಂದು ವಿಮರ್ಶಕಿ ಡೆಬೊರಾ ಮೆಕ್‌ಡೊವೆಲ್ 1986ರಲ್ಲಿ ವಾದಿಸಿದರು. ಆ ವಾದವನ್ನು ಒಪ್ಪುವ ಮುನ್ನ ಪಠ್ಯದಲ್ಲಿ ಅದಕ್ಕೆ ಆಧಾರವೆಲ್ಲಿದೆ ಎಂದು ನೋಡಬೇಕು.

ನಿರೂಪಣೆ ಪ್ರಥಮ ಪುರುಷದಲ್ಲಿದ್ದರೂ ನಾವು ಕಾಣುವುದೆಲ್ಲ ಐರೀನಳ ಕಣ್ಣಿಂದಲೇ. ಆದ್ದರಿಂದ ಅವಳು ಯೋಚಿಸಲು ಒಲ್ಲದ್ದನ್ನು ನಿರೂಪಣೆಯೂ ಹೇಳುವುದಿಲ್ಲ. ಇಲ್ಲಿನ ಮೌನಕ್ಕೆ ಅರ್ಥ ಬರುವುದು ಈ ಕಟ್ಟುಪಾಡಿನಿಂದ. ಎರಡನೆಯ ಭಾಗದಲ್ಲಿ ಕ್ಲೇರಳ ಪತ್ರಕ್ಕೆ ಐರೀನ್ ಉತ್ತರ ಬರೆಯದೆ ಸುಮ್ಮನಿದ್ದಾಳೆ. ಒಂದು ದಿನ ಕ್ಲೇರ್ ಬಾಗಿಲು ತಟ್ಟದೆಯೇ ಕೋಣೆಗೆ ಬಂದು ಅವಳ ಗುಂಗುರು ಕೂದಲಿಗೆ ಮುತ್ತಿಡುತ್ತಾಳೆ. ಆಗ ಐರೀನಳೊಳಗೆ ‘ಕಾರಣ ಹೇಳಲಾಗದ’ ಒಲವು ಒಮ್ಮೆಲೇ ಉಕ್ಕಿಬರುತ್ತದೆ. ಅವಳ ಎರಡೂ ಕೈಗಳನ್ನು ಹಿಡಿದು, ದೇವರೇ, ನೀನೆಷ್ಟು ಚೆಲುವೆ ಎಂದು ಉದ್ಗರಿಸುತ್ತಾಳೆ. ಉಳಿದೆಡೆ ತನ್ನ ಒಂದೊಂದು ಭಾವಕ್ಕೂ ಕಾರಣ ಹುಡುಕುವ, ಲೆಕ್ಕಾಚಾರದ ಈ ಹೆಣ್ಣು ಇಲ್ಲಿ ಮಾತ್ರ ಕಾರಣದ ಗೊಡವೆಗೇ ಹೋಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಆ ಮುತ್ತಿಗಿಂತ ಈ ಹಿಂಜರಿಕೆಯೇ ಗಟ್ಟಿಯಾದ ಸಾಕ್ಷ್ಯ, ಏಕೆಂದರೆ ಗೆಳತಿಯರ ನಡುವೆ ಮುತ್ತು ಆ ಕಾಲದಲ್ಲಿ ಅಸಹಜವೇನಲ್ಲ.

ಕ್ಲೇರಳ ಪತ್ರವನ್ನೂ ಹೀಗೆಯೇ ಓದಬಹುದು. ಷಿಕಾಗೊದಲ್ಲಿ ನಿನ್ನನ್ನು ಕಾಣದಿದ್ದರೆ ನನಗೆ ಈ ‘ಭಯಂಕರ, ಹುಚ್ಚು ಬಯಕೆ’ ಹುಟ್ಟುತ್ತಿರಲಿಲ್ಲವೇನೋ ಎಂದು ಅವಳು ಬರೆಯುತ್ತಾಳೆ. ಬಯಕೆ ಯಾವುದರದ್ದು? ಬಿಟ್ಟುಬಂದ ಸಮುದಾಯದ್ದು ಎಂದು ಪತ್ರವೇ ಸೂಚಿಸುತ್ತದೆ, ಆದರೆ ‘ನಿನ್ನೊಡನೆ ಇರಬೇಕು’ ಎಂಬ ಹಂಬಲವೂ ಅದೇ ಪತ್ರದಲ್ಲಿದೆ. ಒಂದನ್ನು ಒಪ್ಪಿ ಇನ್ನೊಂದನ್ನು ಅಳಿಸುವ ಓದು ದುರ್ಬಲ. ವರ್ಣದ ಗುಟ್ಟಿನ ಭಾಷೆಯೇ ಆಸೆಯ ಗುಟ್ಟಿಗೂ ಹೊದಿಕೆಯಾಗುತ್ತದೆ.

ಮುಂದೆ ಐರೀನ್ ತನ್ನ ಗಂಡ ಬ್ರಯನ್‌ಗೂ ಕ್ಲೇರ್‌ಗೂ ಸಂಬಂಧವಿದೆಯೆಂದು ಶಂಕಿಸುತ್ತಾಳೆ, ಆದರೆ ಕಾದಂಬರಿ ಅದಕ್ಕೆ ಪುರಾವೆ ಕೊಡುವುದಿಲ್ಲ. ತನ್ನ ಆಸೆಯನ್ನೇ ಗಂಡನ ತಲೆಗೆ ಕಟ್ಟುತ್ತಿದ್ದಾಳೆ ಎಂಬ ಊಹೆ ಆಕರ್ಷಕ. ಆದರೂ ಮದುವೆ ಮುರಿದೀತೆಂಬ ಸಾಮಾನ್ಯ ಭಯವೂ ಇದಕ್ಕೆ ಸಾಕಷ್ಟು ಕಾರಣವಾದೀತು.

ಕೊನೆಯ ದೃಶ್ಯದಲ್ಲಿ ಕ್ಲೇರಳ ಗಂಡ ನುಗ್ಗಿಬರುತ್ತಾನೆ, ಐರೀನ್ ಓಡಿಹೋಗಿ ಅವಳ ತೋಳ ಮೇಲೆ ಕೈಯಿಡುತ್ತಾಳೆ, ಕ್ಲೇರ್ ಕಿಟಕಿಯಿಂದ ಬಿದ್ದು ಸಾಯುತ್ತಾಳೆ. ನಡುವೆ ಏನಾಯಿತೆಂಬುದನ್ನು ನೆನಪಿಸಿಕೊಳ್ಳಲು ಐರೀನ್ ತನಗೆ ತಾನೇ ಎಂದೂ ಅವಕಾಶ ಕೊಡಲಿಲ್ಲ ಎಂದಷ್ಟೇ ಪಠ್ಯ ಹೇಳುತ್ತದೆ. ಪರೀಕ್ಷೆಯ ಉತ್ತರಗಳಲ್ಲಿ ‘ಪ್ರೇಮದಿಂದಲೇ ತಳ್ಳಿದಳು’ ಎಂದು ಬರೆಯುವುದುಂಟು. ಕ್ಲೇರ್ ಗಂಡನಿಂದ ಬಿಡುಗಡೆ ಹೊಂದಬಾರದು ಎಂಬ ಯೋಚನೆ ಆ ಕ್ಷಣ ಐರೀನಳನ್ನು ಹಿಡಿದಿತ್ತು ಎನ್ನುವವರೆಗೆ ಪಠ್ಯದ ಬೆಂಬಲವಿದೆ, ತಳ್ಳಿದಳು ಎನ್ನುವುದಕ್ಕಿಲ್ಲ.