ಸ್ಟೇನ್‌ಲೆಸ್ ಟ್ಯಾಂಕ್ ಸೋರಿದ್ದೇಕೆ?

ಹನಿ ನೀರಾವರಿ ಮಾಡುವ ಕೃಷಿಕರೊಬ್ಬರು ಹಾಲಿನ ಹಳೆಯ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ಕೊಂಡು ತಂದು, ಅದರಲ್ಲಿ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್ ಗೊಬ್ಬರ, ಕರಗಿಸಿಟ್ಟಿದ್ದರು. ಕೆಲವೇ ತಿಂಗಳಲ್ಲಿ ತಳದ ಬೆಸುಗೆಯ ಪಕ್ಕದಿಂದ ದ್ರಾವಣ ಒಸರತೊಡಗಿತು. "ಇದಕ್ಕೆ ತುಕ್ಕೇ ಹಿಡಿಯುವುದಿಲ್ಲ ಎಂದಿದ್ದರಲ್ಲ ಸಾರ್?" ಎಂದರು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಗೋಡೆಯೆಲ್ಲ ಫಳಫಳ ಹೊಳೆಯುತ್ತಿತ್ತು. ಬೆಸುಗೆಯ ಉದ್ದಕ್ಕೂ ಮಾತ್ರ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು.

ಈ ಉಕ್ಕನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪದರ. ಕ್ಲೋರೈಡ್ ಅದನ್ನು ಅಲ್ಲಲ್ಲಿ ಭೇದಿಸಿ, ಅದೇ ಜಾಗವನ್ನು ಆಳಕ್ಕೆ ಕೊರೆಯುತ್ತದೆ. ಸಾವಿರ ಲೀಟರ್ ನೀರಿಗೆ ನೂರು ಕಿಲೋ ಈ ಗೊಬ್ಬರ ಹಾಕಿದರೆ ಸುಮಾರು 45 ಕಿಲೋ ಕ್ಲೋರೈಡ್ ಸೇರಿದಂತೆ. 316 ದರ್ಜೆಯ ಉಕ್ಕು 304ಕ್ಕಿಂತ ಹೆಚ್ಚು ತಾಳುತ್ತದೆ, ಆದರೆ ಇಷ್ಟನ್ನಲ್ಲ. ಹೈಡ್ರೋಕ್ಲೋರಿಕ್ ಆಮ್ಲವನ್ನಂತೂ ಎರಡರಲ್ಲೂ ಇಡಬಾರದು. ಈ ಗೊಬ್ಬರಕ್ಕೂ ಆ ಆಮ್ಲಕ್ಕೂ ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ಟ್ಯಾಂಕೇ ಸರಿ.

ಹಾಗೆಂದು ಮನೆಯ ಮೇಲಿನ ನೀರಿನ ಟ್ಯಾಂಕನ್ನೇ ಇಳಿಸಿ ತಂದರೆ ಬೇರೆ ತೊಂದರೆ. ಯೂರಿಯಾ–ಅಮೋನಿಯಂ ನೈಟ್ರೇಟ್ ದ್ರಾವಣ ನೀರಿಗಿಂತ ಸುಮಾರು 1.3 ಪಟ್ಟು ಭಾರ. ಎರಡು ಮೀಟರ್ ಎತ್ತರಕ್ಕೆ ತುಂಬಿದರೆ ತಳದ ಗೋಡೆಯ ಮೇಲೆ ಬೀಳುವುದು 2.6 ಮೀಟರ್ ನೀರಿನ ಒತ್ತಡ. ಮೊದಲು ಹೊಟ್ಟೆ ಉಬ್ಬುತ್ತದೆ, ಆಮೇಲೆ ಹೊರನಳಿಕೆಯ ಸುತ್ತ ಬಿರುಕು. ಕೊಳ್ಳುವಾಗ ಎಷ್ಟು ಸಾಂದ್ರತೆಯ ದ್ರವಕ್ಕೆ ಮಾಡಿದ ಟ್ಯಾಂಕ್ ಎಂದು ಕೇಳಿ, ಗೊಬ್ಬರಕ್ಕೆ 1.5 ಎಂದಿರುವುದನ್ನು ಆರಿಸಿ. ಹಳೆಯದಾದರೆ, ಖಾಲಿ ಮಾಡಿ ತೊಳೆದು ಒಣಗಿಸಿ, ಬಿಸಿಲು ಬೀಳುವ ಮಗ್ಗುಲಿಗೆ ನೀರಿನಲ್ಲಿ ಕರಗುವ ಶಾಯಿ ಸವರಿ ಒರೆಸಿ. ಸಣ್ಣ ಬಿರುಕುಗಳಿದ್ದರೆ ಶಾಯಿ ಜೇಡರಬಲೆಯಂತೆ ಅಲ್ಲೇ ಉಳಿಯುತ್ತದೆ. ಅಂಥ ಟ್ಯಾಂಕಿಗೆ ಮತ್ತೆ ಏನನ್ನೂ ತುಂಬಬೇಡಿ.

ಸಾದಾ ಉಕ್ಕಿನದು ವಿಚಿತ್ರ ಸ್ವಭಾವ. ಶೇ 93ಕ್ಕೂ ಮೇಲ್ಪಟ್ಟ ಗಂಧಕಾಮ್ಲವನ್ನು ಅದರಲ್ಲಿ ಇಡಬಹುದು, ಏಕೆಂದರೆ ಗೋಡೆಗೆ ಕೂರುವ ಕಬ್ಬಿಣದ ಸಲ್ಫೇಟ್ ಪದರವೇ ಉಕ್ಕನ್ನು ಕಾಯುತ್ತದೆ. ಅದೇ ಆಮ್ಲಕ್ಕೆ ನೀರು ಬೆರೆತು ತೆಳುವಾಯಿತೋ, ಉಕ್ಕು ಕರಗುತ್ತದೆ, ಹೈಡ್ರೋಜನ್ ಏಳುತ್ತದೆ. ಟ್ಯಾಂಕ್ ಅರ್ಧ ಖಾಲಿಯಿದ್ದರೆ ಗಾಳಿಕೊಳವೆಯಿಂದ ಬಂದ ತೇವವೇ ಇದಕ್ಕೆ ಸಾಕು; ಗೋಡೆ ಮೊದಲು ಸವೆಯುವುದು ಆಮ್ಲದ ಮಟ್ಟದ ಗೆರೆಯಲ್ಲಿ. ಅಂಥ ಟ್ಯಾಂಕಿನ ಬಳಿ ಬೆಸುಗೆ ಹಚ್ಚಿದರೆ ಸ್ಫೋಟವಾದೀತು. ಜಮೀನಿನಲ್ಲಿ ಇಷ್ಟು ಗಟ್ಟಿ ಆಮ್ಲ ದಾಸ್ತಾನಿಡುವುದನ್ನೇ ನಾನು ಒಪ್ಪುವುದಿಲ್ಲ.

ಕಾಸ್ಟಿಕ್ ಸೋಡಾ ದ್ರಾವಣ ಸಾಧಾರಣ ಉಷ್ಣತೆಯಲ್ಲಿದ್ದರೆ ಸಾದಾ ಉಕ್ಕೂ ಆದೀತು, ಪಾಲಿಥಿಲೀನೂ ಆದೀತು. ಸತು ಲೇಪಿಸಿದ ಪೈಪನ್ನೋ ಅಲ್ಯೂಮಿನಿಯಂ ಮುಚ್ಚಳವನ್ನೋ ಮಾತ್ರ ಅದಕ್ಕೆ ಜೋಡಿಸಬೇಡಿ. ಕ್ಷಾರ ಎರಡನ್ನೂ ತಿನ್ನುತ್ತದೆ. ಹಾಗೆಯೇ ಸಾರಜನಕ ಗೊಬ್ಬರದ ಟ್ಯಾಂಕಿಗೆ ಹಿತ್ತಾಳೆಯ ನಲ್ಲಿ ಹಾಕಿದ್ದರೆ ಇಂದೇ ಬದಲಿಸಿ. ನಲ್ಲಿಯ ಸುತ್ತ ನೀಲಿ ಬಣ್ಣದ ಕಲೆ ಕಂಡರೆ, ಅದು ಕರಗಿ ಹೊರಬಂದ ತಾಮ್ರ.