ಸ್ಲಾಟ್, ಹೋಲ್ಡ್, ಅಜೆಂಡಾ: ಸಿಯಾಟಲ್‌ನ ವೈಸ್ ಪ್ರೆಸಿಡೆಂಟ್‌ಗೆ ಬೆಂಗಳೂರಿನಿಂದ ಮೀಟಿಂಗ್ ಕೇಳುವುದು

ಆಫೀಸಿನಲ್ಲಿ ‘ಮೀಟಿಂಗ್ ರಿಕ್ವೆಸ್ಟ್’ ಅಂದರೆ ಎರಡು ಅರ್ಥ. ಔಟ್‌ಲುಕ್‌ನಿಂದಲೋ ಗೂಗಲ್ ಕ್ಯಾಲೆಂಡರ್‌ನಿಂದಲೋ ಹೋಗುವ, ಎದುರಿನವರು ‘ಆಕ್ಸೆಪ್ಟ್’ ಒತ್ತುವ ಇನ್ವೈಟ್ ಒಂದು. ಅದಕ್ಕೂ ಮೊದಲು ಹೋಗುವ ಮೇಲ್ ಇನ್ನೊಂದು: ಇಂಥ ವಿಷಯಕ್ಕೆ ನಿಮ್ಮ ಅರ್ಧ ಗಂಟೆ ಬೇಕು, ಈ ಮೂರು ಹೊತ್ತಿನಲ್ಲಿ ಯಾವುದಾದರೂ ಆಗುತ್ತದೆಯೇ ಎಂದು ಕೇಳುವುದು. ಪಕ್ಕದ ಸೀಟಿನವರಿಗೆ ನೇರವಾಗಿ ಇನ್ವೈಟ್ ಹಾಕಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮೂರು ಮೆಟ್ಟಿಲು ಮೇಲಿರುವವರಿಗೆ, ಅದೂ ನಮಗೆ ರಾತ್ರಿಯಾದಾಗ ಬೆಳಗು ಕಾಣುವವರಿಗೆ, ಹಾಗೆ ಹಾಕಿದರೆ ಅದು ಸಾಮಾನ್ಯವಾಗಿ ಉತ್ತರವಿಲ್ಲದೆ ಬಿದ್ದಿರುತ್ತದೆ. ಇಲ್ಲಿ ಹೇಳುತ್ತಿರುವುದು ಎರಡನೆಯ ಅರ್ಥದ ರಿಕ್ವೆಸ್ಟ್ ಬಗ್ಗೆ.

ಈ ಮೇಲ್‌ನ ಮುಖ್ಯ ಅಂಗ ಸ್ಲಾಟ್. ‘ಮುಂದಿನ ವಾರ ಯಾವಾಗಲಾದರೂ’ ಎನ್ನುವುದು ಸ್ಲಾಟ್ ಅಲ್ಲ, ‘ಮಂಗಳವಾರ ಸಂಜೆ’ ಕೂಡ ಅಲ್ಲ. ತಾರೀಖು, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಯಾವ ಊರಿನ ಗಡಿಯಾರ – ಇವು ನಾಲ್ಕೂ ಇದ್ದರೆ ಅದು ಸ್ಲಾಟ್. ಐದನೆಯದೊಂದು ಕಾಗದದ ಮೇಲೆ ಕಾಣುವುದಿಲ್ಲ: ಆ ಹೊತ್ತನ್ನು ಕೇಳಿದವರು ನಿಜಕ್ಕೂ ಖಾಲಿ ಇಟ್ಟುಕೊಂಡಿರಬೇಕು. ಇದಕ್ಕೆ ‘ಹೋಲ್ಡ್’ ಅನ್ನುತ್ತಾರೆ. ಮೂರು ಸ್ಲಾಟ್ ಕೊಟ್ಟವರು ತಮ್ಮ ಕ್ಯಾಲೆಂಡರಿನಲ್ಲಿ ಮೂರನ್ನೂ ‘ಟೆಂಟೆಟಿವ್’ ಎಂದು ಬ್ಲಾಕ್ ಮಾಡಿಕೊಳ್ಳುತ್ತಾರೆ. ಇಷ್ಟು ದಿನದವರೆಗೆ ಮಾತ್ರ ಹಿಡಿದಿಟ್ಟಿರುತ್ತೇವೆ ಎಂದು ಮೇಲ್‌ನಲ್ಲೇ ಹೇಳುತ್ತಾರೆ. ಹಾಗೆ ಮಾಡದೆ ಅದೇ ಸ್ಲಾಟನ್ನು ಇನ್ನಿಬ್ಬರಿಗೂ ಕೊಟ್ಟವರಿಗೆ, ಮೇಲಿನವರು ‘ಬುಧವಾರದ್ದು ಓಕೆ’ ಎಂದು ಬರೆದ ಮೇಲೆ ‘ಕ್ಷಮಿಸಿ, ಅದು ಹೋಯಿತು’ ಎಂದು ಉತ್ತರಿಸುವ ಫಜೀತಿ ಬರುತ್ತದೆ. ಎರಡನೇ ಸಲ ಅದೇ ಹೆಸರಿನಿಂದ ಬಂದ ಮೇಲ್ ತೆರೆಯಲು ಅವರು ಆತುರಪಡುವುದಿಲ್ಲ.

ಒಂದು ಉದಾಹರಣೆ ನೋಡೋಣ. ವೈಟ್‌ಫೀಲ್ಡ್‌ನ ಒಂದು ಕಂಪನಿಯ ಮ್ಯಾನೇಜರ್, ಸಿಯಾಟಲ್‌ನಲ್ಲಿ ಕೂರುವ ವೈಸ್ ಪ್ರೆಸಿಡೆಂಟ್ ಹತ್ತಿರ ಒಂದು ತೀರ್ಮಾನ ಮಾಡಿಸಿಕೊಳ್ಳಬೇಕು ಅಂದುಕೊಳ್ಳಿ. ಸಪೋರ್ಟ್ ಕೆಲಸ ಮಾಡಿಕೊಡುವ ವೆಂಡರ್ ಜೊತೆಗಿನ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಒಂದು ವರ್ಷಕ್ಕೆ ಮುಂದುವರಿಸುವುದೋ ಮೂರು ವರ್ಷಕ್ಕೋ ಎಂಬುದನ್ನು ಮಾರ್ಚ್ 20ರೊಳಗೆ ವೆಂಡರ್‌ಗೆ ತಿಳಿಸಬೇಕು. ಮೇಲ್ ಹೊರಡುವುದು 2026ರ ಮಾರ್ಚ್ 4, ಬುಧವಾರ. ಕೇಳುವುದು ಮುಂದಿನ ವಾರದ ಅರ್ಧ ಗಂಟೆ.

ಕಷ್ಟ ಇರುವುದು ಆ ‘ಮುಂದಿನ ವಾರ’ದಲ್ಲೇ. ಚಳಿಗಾಲದಲ್ಲಿ ಸಿಯಾಟಲ್ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನಮಗೆ ರಾತ್ರಿ 8.30 ಅಂದರೆ ಅಲ್ಲಿ ಅದೇ ದಿನ ಬೆಳಗ್ಗೆ 7. ನವೆಂಬರಿನಿಂದ ನಾಲ್ಕು ತಿಂಗಳು ಇದೇ ಲೆಕ್ಕದಲ್ಲಿ ಕಾಲ್ ಮಾಡಿದವರ ತಲೆಯಲ್ಲಿ ಅದು ಕೂತುಬಿಟ್ಟಿರುತ್ತದೆ. ಆದರೆ ಅಮೆರಿಕದ ಬಹುಪಾಲು ಕಡೆ ಮಾರ್ಚ್‌ನ ಎರಡನೇ ಭಾನುವಾರ ನಸುಕಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. 2007ರಿಂದ ಈ ತಾರೀಖುಗಳೇ ನಡೆದುಬಂದಿವೆ. 2026ರಲ್ಲಿ ಆ ಭಾನುವಾರ ಮಾರ್ಚ್ 8. ಮೇಲ್ ಬರೆಯುವ ದಿನ ವ್ಯತ್ಯಾಸ ಹದಿಮೂರೂವರೆ ಗಂಟೆ, ಮೀಟಿಂಗ್ ನಡೆಯುವ ದಿನ ಹನ್ನೆರಡೂವರೆ. ನಮ್ಮಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲದ್ದರಿಂದ ಇದು ನೆನಪಾಗುವುದು, ಸೋಮವಾರ ರಾತ್ರಿ ಕಾಲ್‌ಗೆ ಸೇರಿದಾಗ ಅಲ್ಲಿ ಯಾರೂ ಇಲ್ಲದಿದ್ದಾಗ.

ಬೇಸಿಗೆಯ ಲೆಕ್ಕಕ್ಕೆ ಒಂದು ಸುಲಭದ ದಾರಿಯಿದೆ. ನಮ್ಮ ಹೊತ್ತಿನಿಂದ ಅರ್ಧ ಗಂಟೆ ಕಳೆದು, ರಾತ್ರಿಯನ್ನು ಬೆಳಗ್ಗೆ ಮಾಡಿಕೊಳ್ಳುವುದು. ರಾತ್ರಿ 9 ಅಂದರೆ ಅಲ್ಲಿ ಬೆಳಗ್ಗೆ 8.30. ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆಯಬೇಕು. ಈ ಅರ್ಧ ಗಂಟೆ ಬರುವುದು, ಭಾರತದ ಸಮಯವನ್ನು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿರುವುದರಿಂದ. ಹದಿನೈದು ಡಿಗ್ರಿಗೆ ಒಂದು ಗಂಟೆಯ ಲೆಕ್ಕದಲ್ಲಿ ಅದು ಐದೂವರೆ ಗಂಟೆಯಾಗುತ್ತದೆ. ಪೂರ್ತಿ ಗಂಟೆಗಳ ವ್ಯತ್ಯಾಸಕ್ಕೆ ಒಗ್ಗಿದ ಅಮೆರಿಕದವರು ಈ ಅರ್ಧದಲ್ಲೇ ಎಡವುತ್ತಾರೆ. ಆದ್ದರಿಂದ ಲೆಕ್ಕ ಅವರಿಗೆ ಬಿಡುವುದಲ್ಲ, ನಾವೇ ಮಾಡಿ ಕೊಡುವುದು.

ಬರೆಯುವಾಗ ‘ಪಿಎಸ್‌ಟಿ’, ‘ಐಎಸ್‌ಟಿ’ ಎಂಬ ಮೂರಕ್ಷರಗಳನ್ನು ನಂಬಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಿಎಸ್‌ಟಿ ಅಂದರೆ ಚಳಿಗಾಲದ ಸಮಯ ಮಾತ್ರ, ಬೇಸಿಗೆಯದ್ದು ಪಿಡಿಟಿ. ಆದರೆ ವರ್ಷಪೂರ್ತಿ ಪಿಎಸ್‌ಟಿ ಎಂದೇ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಜುಲೈನಲ್ಲಿ ‘9 ಗಂಟೆ ಪಿಎಸ್‌ಟಿ’ ಎಂದು ಕಂಡರೆ, ಬರೆದವರಿಗೆ ಗೊತ್ತಿದ್ದು ಬರೆದರೋ ಅಭ್ಯಾಸಕ್ಕೆ ಬರೆದರೋ ಎಂದು ಊಹಿಸಬೇಕಾಗುತ್ತದೆ. ಐಎಸ್‌ಟಿ ಅನ್ನು ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಸಮಯಕ್ಕೆ ಬಳಸುತ್ತಾರೆ. ‘ಸಿಯಾಟಲ್ ಸಮಯ’, ‘ಬೆಂಗಳೂರು ಸಮಯ’ ಎಂದು ಊರಿನ ಹೆಸರು ಹಾಕಿದರೆ ಈ ಗೋಜೇ ಇಲ್ಲ.

ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ. ಅದರ ಒಡಲನ್ನು ಕನ್ನಡದಲ್ಲಿ ಇಟ್ಟರೆ ಹೀಗಿರುತ್ತದೆ:

ವಿಷಯ: ಮಾರ್ಚ್ 20ರೊಳಗೆ ತೀರ್ಮಾನ ಬೇಕು – ಸಪೋರ್ಟ್ ಒಪ್ಪಂದ, 1 ವರ್ಷವೋ 3 ವರ್ಷವೋ (30 ನಿಮಿಷ)

‘ಸಪೋರ್ಟ್ ವೆಂಡರ್ ಜೊತೆಗಿನ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಒಂದು ವರ್ಷವೋ ಮೂರು ವರ್ಷವೋ ಎಂದು ನಾವು 20ರೊಳಗೆ ತಿಳಿಸಬೇಕು. ನನ್ನ ಶಿಫಾರಸು ಒಂದು ವರ್ಷ, ಕಾರಣಗಳು ಜೊತೆಗಿರುವ ಒಂದು ಪುಟದಲ್ಲಿವೆ. ನಿಮ್ಮ 30 ನಿಮಿಷ ಬೇಕಿತ್ತು. ಇವುಗಳಲ್ಲಿ ಯಾವುದಾದರೂ ಆಗಬಹುದೇ?

ಎ. ಮಂಗಳವಾರ, ಮಾರ್ಚ್ 10, ಬೆಳಗ್ಗೆ 8.00–8.30, ಸಿಯಾಟಲ್ ಸಮಯ (ಬೆಂಗಳೂರಿನಲ್ಲಿ ಮಂಗಳವಾರ ರಾತ್ರಿ 8.30)
ಬಿ. ಬುಧವಾರ, ಮಾರ್ಚ್ 11, ಬೆಳಗ್ಗೆ 8.30–9.00, ಸಿಯಾಟಲ್ ಸಮಯ (ಬೆಂಗಳೂರಿನಲ್ಲಿ ಬುಧವಾರ ರಾತ್ರಿ 9.00)
ಸಿ. ಗುರುವಾರ, ಮಾರ್ಚ್ 12, ಸಂಜೆ 5.00–5.30, ಸಿಯಾಟಲ್ ಸಮಯ (ಬೆಂಗಳೂರಿನಲ್ಲಿ ಶುಕ್ರವಾರ, ಮಾರ್ಚ್ 13, ಬೆಳಗ್ಗೆ 5.30)

ಮಾರ್ಚ್ 8ರ ಗಡಿಯಾರದ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿದಿದ್ದೇನೆ. ನಿಮ್ಮ ಶುಕ್ರವಾರ, ಮಾರ್ಚ್ 6ರ ಸಂಜೆಯವರೆಗೆ ಮೂರನ್ನೂ ಖಾಲಿ ಇಟ್ಟಿರುತ್ತೇನೆ. ಶಿಫಾರಸು ಸರಿ ಎನಿಸಿದರೆ ಮೀಟಿಂಗ್ ಬೇಡ, ಇದೇ ಮೇಲ್‌ಗೆ ಒಂದು ಸಾಲು ಬರೆದರೆ ಸಾಕು.’

ಅವರ ಹೊತ್ತು ಮೊದಲು, ನಮ್ಮದು ಕಂಸದೊಳಗೆ. ಈ ಮೇಲನ್ನು ಮೊದಲು ಓದುವುದು ಬಹುಶಃ ವೈಸ್ ಪ್ರೆಸಿಡೆಂಟ್ ಅಲ್ಲ, ಅವರ ಕ್ಯಾಲೆಂಡರ್ ನೋಡಿಕೊಳ್ಳುವ ಅಸಿಸ್ಟೆಂಟ್. ಅವರನ್ನು ಸಿಸಿಯಲ್ಲಿ ಇಟ್ಟಿದ್ದರೆ, ಬಾಸನ್ನು ಕೇಳದೆಯೇ ‘ಬಿ’ ಎಂದು ಒಂದಕ್ಷರದ ಉತ್ತರ ಬರಬಹುದು. ಎ, ಬಿ, ಸಿ ಹಾಕಿರುವುದು ಅದಕ್ಕೇ. ಮೂರೂ ಬೇರೆ ಬೇರೆ ದಿನ ಇರುವುದಕ್ಕೂ, ಅವುಗಳಲ್ಲಿ ಒಂದು ಸಂಜೆಗೆ ಇರುವುದಕ್ಕೂ ಕಾರಣವಿದೆ. ಮಂಗಳವಾರ ಅವರು ವಿಮಾನದಲ್ಲಿದ್ದರೆ ಮಂಗಳವಾರದ ಮೂರು ಸ್ಲಾಟ್‌ಗಳೂ ಒಟ್ಟಿಗೆ ಹೋಗುತ್ತವೆ. ಬೆಳಗ್ಗೆಯೆಲ್ಲ ಬೋರ್ಡ್ ಮೀಟಿಂಗ್ ಇದ್ದರೆ ಬೆಳಗಿನವೆಲ್ಲ ಹೋಗುತ್ತವೆ. ‘ಸಿ’ಯಲ್ಲಿ ನಮಗೆ ತಾರೀಖೇ ಬದಲಾಗುತ್ತದೆ, ಹಾಗಾಗಿ ಕಂಸದಲ್ಲಿ ವಾರ, ತಾರೀಖು ಎರಡನ್ನೂ ಬರೆಯಬೇಕು. ಇದೇ ಕಾರಣಕ್ಕೆ ನಮ್ಮ ಸೋಮವಾರ ಬೆಳಗ್ಗೆಯನ್ನು ಸ್ಲಾಟ್ ಆಗಿ ಕೊಡಬಾರದು, ಅಲ್ಲಿ ಆಗ ಭಾನುವಾರ ಸಂಜೆ. ಅವರ ಶುಕ್ರವಾರ ಸಂಜೆ ನಮಗೆ ಶನಿವಾರ ಬೆಳಗ್ಗೆ. ಅದನ್ನು ಕೊಡಬಹುದು, ಏಳಬೇಕಾದವರು ನಾವೇ ಆದ್ದರಿಂದ.

ನಮ್ಮಲ್ಲಿ ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ದೊಡ್ಡವರಿಗೆ ಹೊತ್ತು ಗೊತ್ತುಮಾಡಲು ನಾವ್ಯಾರು ಎಂಬ ಸಂಕೋಚ. ಹಾಗಾಗಿ ‘ತಮಗೆ ಯಾವಾಗ ಅನುಕೂಲವೋ ತಿಳಿಸಿ’ ಎಂದು ಬಿಡುತ್ತೇವೆ. ಕೇಳಲು ಮರ್ಯಾದೆ, ಆದರೆ ಕ್ಯಾಲೆಂಡರ್ ತೆರೆದು, ಬೆಂಗಳೂರಿನಲ್ಲಿ ಎಷ್ಟು ಗಂಟೆ ಎಂದು ನೋಡಿ, ಹೊತ್ತು ಹುಡುಕುವ ಕೆಲಸ ಪೂರ್ತಿ ಅವರ ಮೇಲೆ ಬೀಳುತ್ತದೆ. ಆ ಮೇಲ್ ‘ಆಮೇಲೆ ನೋಡೋಣ’ ಎಂಬ ರಾಶಿಗೆ ಸೇರುತ್ತದೆ. ಬುಕಿಂಗ್ ಲಿಂಕ್ ಕಳಿಸಿ ‘ನನ್ನ ಕ್ಯಾಲೆಂಡರಿನಲ್ಲಿ ಆರಿಸಿಕೊಳ್ಳಿ’ ಎನ್ನುವುದು ಇದರ ಇನ್ನೊಂದು ರೂಪ. ಸಮಾನರ ನಡುವೆ ಅದು ಚೆನ್ನ. ಮೇಲಿನವರಿಗೆ ಕಳಿಸಿದರೆ ಸ್ವಲ್ಪ ಉದ್ಧಟತನವಾಗಿ ಕಾಣುತ್ತದೆ.

ಇನ್ನು ಅಜೆಂಡಾ. ಅದನ್ನು ಮಾತನಾಡುವ ವಿಷಯಗಳ ಪಟ್ಟಿ ಎಂದುಕೊಂಡವರು ‘ವೆಂಡರ್ ಅಪ್‌ಡೇಟ್, ಬಜೆಟ್, ಮುಂದಿನ ಹೆಜ್ಜೆಗಳು’ ಎಂದು ಬರೆಯುತ್ತಾರೆ. ಅದನ್ನು ಓದಿದವರಿಗೆ ತಾವು ಯಾಕೆ ಬೇಕು ಎಂಬುದೇ ತಿಳಿಯುವುದಿಲ್ಲ. ‘ಸಿಂಕ್ ಅಪ್’, ‘ಕ್ಯಾಚ್ ಅಪ್’ ಎಂಬ ಹೆಡ್ಡಿಂಗ್‌ಗಳ ಕಥೆಯೂ ಇಷ್ಟೇ. ಹಿರಿಯರಿಗೆ ಹೋಗುವ ಅಜೆಂಡಾ ಹೇಳಬೇಕಾದದ್ದು, ಈ ಅರ್ಧ ಗಂಟೆ ಮುಗಿದಾಗ ಯಾವ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು ಎಂಬುದನ್ನು. ಮೇಲಿನ ಮೇಲ್‌ನಲ್ಲಿ ಪ್ರಶ್ನೆ ಒಂದೇ, ಕೊನೆಯ ದಿನ ಇದೆ, ಕೇಳುವವರ ಶಿಫಾರಸೂ ಇದೆ. ಹೀಗಿದ್ದಾಗ ‘ಒಂದು ವರ್ಷ ಸರಿ, ಮುಂದುವರಿಸಿ’ ಎಂದು ಮೀಟಿಂಗೇ ಇಲ್ಲದೆ ಉತ್ತರ ಬರುವ ಸಾಧ್ಯತೆ ಇರುತ್ತದೆ. ಆಗ ಮೂರು ಹೋಲ್ಡ್‌ಗಳೂ ಬಿಡುಗಡೆ, ಬೆಳಗ್ಗೆ ಐದೂವರೆಗೆ ಏಳುವ ಕಷ್ಟವೂ ಇಲ್ಲ. ನನ್ನ ಪ್ರಕಾರ ಮೀಟಿಂಗ್ ರಿಕ್ವೆಸ್ಟ್‌ಗೆ ಬರಬಹುದಾದ ಅತ್ಯುತ್ತಮ ಉತ್ತರ ಇದೇ.

‘ಬಿ’ ಎಂದು ಉತ್ತರ ಬಂತು ಎನ್ನಿ. ಆಗ ಇನ್ವೈಟ್ ಹೋಗಬೇಕು, ಉಳಿದ ಎರಡು ಹೋಲ್ಡ್ ಅವತ್ತೇ ತೆಗೆಯಬೇಕು. ಇನ್ವೈಟ್ ಮಾಡುವಾಗ ಟೈಮ್‌ಝೋನ್ ಅನ್ನು ಅವರದ್ದಕ್ಕೆ ಬದಲಿಸಿಕೊಂಡು 8.30 ಎಂದು ಹಾಕಿದರೆ, ಮೇಲ್‌ನಲ್ಲಿ ಬರೆದದ್ದೂ ಕ್ಯಾಲೆಂಡರಿನಲ್ಲಿ ಕೂತದ್ದೂ ಒಂದೇ ಎಂದು ಕಣ್ಣಿಗೆ ಕಾಣುತ್ತದೆ. ಹಾಗೆ ಮಾಡಿದ ಇನ್ವೈಟ್‌ನ ಒಳಗೆ ಇಂಥ ಒಂದು ಸಾಲು ಇರಬಹುದು:

```
DTSTART;TZID=America/Los_Angeles:20260311T083000
```

ಸಿಯಾಟಲ್‌ಗೂ ಲಾಸ್ ಏಂಜಲಿಸ್ ಹೆಸರೇ, ಅಮೆರಿಕದ ಪಶ್ಚಿಮ ಕರಾವಳಿಗೆ ಇದೇ ಗುರುತು. ಒಂದೇ ಸಲದ ಮೀಟಿಂಗ್‌ಗೆ ಇಷ್ಟು ಸಾಕು. ಅದೇ ವಾರಕ್ಕೊಮ್ಮೆ ಬರುವ ಮೀಟಿಂಗ್ ಆದರೆ ಯಾರ ಝೋನ್‌ನಲ್ಲಿ ಮಾಡಿದ್ದು ಎಂಬುದು ದೊಡ್ಡ ವಿಷಯವಾಗುತ್ತದೆ. ಬೆಂಗಳೂರಿನ ಝೋನ್‌ನಲ್ಲಿ ರಾತ್ರಿ 9ಕ್ಕೆ ಕಟ್ಟಿದ್ದು ನವೆಂಬರ್ 1ರ ನಂತರ ಅವರಿಗೆ 7.30ಕ್ಕೆ ಜಾರುತ್ತದೆ. ಅವರ ಝೋನ್‌ನಲ್ಲಿ ಕಟ್ಟಿದ್ದರೆ ಅವರದ್ದು 8.30 ಹಾಗೇ ಉಳಿದು, ನಮ್ಮದು ರಾತ್ರಿ 10 ಆಗುತ್ತದೆ.

ಶುಕ್ರವಾರ ಕಳೆದರೂ ಉತ್ತರ ಬರಲಿಲ್ಲವೆಂದರೆ ಹಳೆಯ ಸ್ಲಾಟ್‌ಗಳನ್ನೇ ಹಿಡಿದು ‘ಜೆಂಟಲ್ ರಿಮೈಂಡರ್’ ಕಳಿಸುವುದರಲ್ಲಿ ಅರ್ಥವಿಲ್ಲ. ಅವರ ಸೋಮವಾರ ಬೆಳಗಿಗೆ ತಲುಪುವಂತೆ, ಅದೇ ಥ್ರೆಡ್‌ನಲ್ಲಿ, ಮುಗಿದ ಹೋಲ್ಡ್‌ಗಳನ್ನು ಬಿಟ್ಟು ಗುರುವಾರ, ಶುಕ್ರವಾರದ ಎರಡು ಹೊಸ ಸ್ಲಾಟ್ ಕೊಡುವುದು. ಜೊತೆಗೆ, 20ರೊಳಗೆ ಬೇರೆ ಮಾತು ಬರದಿದ್ದರೆ ವೆಂಡರ್‌ಗೆ ಏನು ತಿಳಿಸಬೇಕಾಗುತ್ತದೆ ಎಂಬ ಒಂದು ಸಾಲನ್ನು ಮೇಲ್‌ನ ತಲೆಯಲ್ಲೇ ಬರೆಯುವುದು.