ರೊಟ್ಟಿ ಪೇರಿಸಿ ಗೋಳ: ಈ 4/3 ಎಲ್ಲಿಂದ ಬಂತು?

ಧಾರವಾಡದ ನಮ್ಮ ಮನೆಯಲ್ಲಿ ಖಡಕ್ ರೊಟ್ಟಿ ಬುಟ್ಟಿ ಮುಂದೆ ಕೂತು ಪಿಯುಸಿ ಓದುವ ಅಕ್ಕನ ಮಗಳು ಕೇಳಿದಳು: "ಮಾಮಾ, ಗೋಳದ ಘನಫಲದಾಗ ಈ 4/3 ಎಲ್ಲಿಂದ ಬಂತು?"

ಇದು ಹಳೆಯ ತಲೆನೋವು. ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಎರಡು ಲೆಕ್ಕ ಕೊಟ್ಟಿದ್ದಾನೆ. ಒರಟಾಗಿ ಬೇಕಿದ್ದರೆ ತ್ರಿಜ್ಯದ ಘನದ 4.5 ಪಟ್ಟು, ಸೂಕ್ಷ್ಮವಾಗಿ ಬೇಕಿದ್ದರೆ 4.05 ಪಟ್ಟು. ನಿಜವಾದದ್ದು ಸುಮಾರು 4.19. ಮುಂದೆ 1150ರ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯ ಸರಿಯಾದ ನಿಯಮ ಕೊಟ್ಟ. ಗ್ರೀಸಿನ ಆರ್ಕಿಮಿಡೀಸ್ ಕ್ರಿ.ಪೂ. 3ನೇ ಶತಮಾನದಲ್ಲೇ ಗೋಳವನ್ನು ತೆಳು ಬಿಲ್ಲೆಗಳಾಗಿ ಸೀಳಿ, ಅವನ್ನು ತಕ್ಕಡಿಗೆ ಹಾಕಿದಂತೆ ತೂಗಿ ಉತ್ತರ ಕಂಡುಕೊಂಡಿದ್ದ.

ನಮಗೆ ತಕ್ಕಡಿ ಬೇಡ, ರೊಟ್ಟಿ ಸಾಕು. ಗೋಳದ ತ್ರಿಜ್ಯ 6 ಇಂಚು ಅಂದುಕೊಳ್ಳಿ. ನಡುವಿನ ರೊಟ್ಟಿ ಎಲ್ಲಕ್ಕಿಂತ ದೊಡ್ಡದು, ಮೇಲೆ ಕೆಳಗೆ ಹೋದಂತೆ ಸಣ್ಣದು. ನಡುವಿನಿಂದ z ಇಂಚು ದೂರದ ರೊಟ್ಟಿಯ ತ್ರಿಜ್ಯದ ವರ್ಗ 36 − z². ಪೈಥಾಗೊರಸ್ ನಿಯಮ, ಅಷ್ಟೇ. ಅದನ್ನು π ಇಂದ ಗುಣಿಸಿದರೆ ರೊಟ್ಟಿಯ ವಿಸ್ತೀರ್ಣ.

ಮೊದಲು 2 ಇಂಚು ದಪ್ಪದ ಆರು ರೊಟ್ಟಿ ಪೇರಿಸೋಣ. (ಅಷ್ಟು ದಪ್ಪ ತಟ್ಟಿದರೆ ಅವ್ವ ಬೈತಾಳೆ, ಇರಲಿ.) ಪ್ರತಿ ರೊಟ್ಟಿಯ ಅಳತೆಯನ್ನು ಅದರ ದಪ್ಪದ ನಟ್ಟನಡುವೆ ತೆಗೆದುಕೊಳ್ಳಬೇಕು, ಅಂದರೆ z = 1, 3, 5ರಲ್ಲಿ. ತ್ರಿಜ್ಯದ ವರ್ಗ 35, 27, 11, ಕೂಡಿದರೆ 73. ಕೆಳಗೂ ಇಷ್ಟೇ, ಒಟ್ಟು 146. ದಪ್ಪ 2 ಆದ್ದರಿಂದ ಘನಫಲ 292π.

ದಪ್ಪ 1 ಇಂಚು ಮಾಡಿದರೆ 289π. ಅರ್ಧ ಇಂಚಿಗೆ 288.25π. ದಪ್ಪ ಅರ್ಧವಾದಾಗ ತಪ್ಪು ಕಾಲುಭಾಗಕ್ಕೆ ಇಳಿಯುತ್ತಿದೆ: 4, 1, 0.25. ಹಾಗಾದರೆ ಘನಫಲ ಹೋಗಿ ನಿಲ್ಲುವುದು 288πಯಲ್ಲಿ, ಅಲ್ವಾ? ದಪ್ಪ ಸೊನ್ನೆಯತ್ತ ಹೋದಾಗ ಈ ಕೂಡುವಿಕೆಯೇ ಅನುಕಲನ:

```
V = ∫ π(36 − z²) dz,  z = −6 → 6
  = 2π [36z − z³/3],  z = 0 → 6
  = 2π (216 − 72) = 288π
```

6ರ ಜಾಗದಲ್ಲಿ r ಬರೆದರೆ 2π(r³ − r³/3), ಅಂದರೆ 4πr³/3. ಮಗಳು ಕೇಳಿದ 4/3 ಹುಟ್ಟಿದ್ದು ಇಲ್ಲೇ: ಒಂದರಲ್ಲಿ ಮೂರನೇ ಒಂದು ಭಾಗ ಕಳೆದು, ಎರಡರಿಂದ ಗುಣಿಸಿದ್ದು. ಆ ಮೂರನೇ ಒಂದು ಭಾಗ ವರ್ಗಗಳನ್ನು ಕೂಡಿದ್ದರಿಂದ ಬಂದದ್ದು. 1² + 2² + … + n² ಮೊತ್ತವನ್ನು n³ ಇಂದ ಭಾಗಿಸಿದರೆ, n ದೊಡ್ಡದಾದಂತೆ ಉತ್ತರ 1/3ಕ್ಕೆ ಹತ್ತಿರವಾಗುತ್ತದೆ. ಕೇರಳದ ಜ್ಯೇಷ್ಠದೇವ 16ನೇ ಶತಮಾನದ 'ಯುಕ್ತಿಭಾಷಾ'ದಲ್ಲಿ, ನ್ಯೂಟನ್ ಹುಟ್ಟುವ ಮೊದಲೇ, ಇಂಥದೇ ಮೊತ್ತ ಹಿಡಿದು ಗೋಳವನ್ನು ಬಿಲ್ಲೆ ಬಿಲ್ಲೆಯಾಗಿ ಅಳೆದಿದ್ದಾನೆ.

ಮಗಳು ತಾನೇ ಮಾಡಲು ಕೂತಾಗ 144π ಬಂತು, ಸರಿಯಾಗಿ ಅರ್ಧ. ಹಾಳೆ ನೋಡಿದೆ. ಒಂದು ಇಂಚು ಮೇಲೇರಿದರೆ ತ್ರಿಜ್ಯವೂ ಒಂದು ಇಂಚು ಇಳಿಯುತ್ತದೆ ಅಂತ 6 − z ಬರೆದಿದ್ದಳು. ಆದರೆ 1 ಇಂಚು ಏರಿದಾಗ ಗೋಳದ ತ್ರಿಜ್ಯ √35, ಅಂದರೆ 5.92, ಇನ್ನೂ ಇಳಿದೇ ಇಲ್ಲ ಅನ್ನಬೇಕು. ಅವಳ ಲೆಕ್ಕದ ಪ್ರಕಾರ ಪೇರಿಸಿದರೆ ಎರಡೂ ತುದಿ ಚೂಪಾಗುತ್ತದೆ. "ಇದು ಗೋಳ ಅಲ್ಲವ್ವಾ, ಬುಗುರಿ," ಅಂದೆ.